ಮರಳಿ ಬಂದ ನೋಡ್‌ಗೆ ಏನೇನು ಗೊತ್ತಿರುವುದಿಲ್ಲ?

2007ರಲ್ಲಿ ಅಮೆಜಾನ್‌ನ ಎಂಜಿನಿಯರುಗಳು ಡೈನಮೊ ಎಂಬ ದತ್ತಾಂಶ ಸಂಗ್ರಹದ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. ಗ್ರಾಹಕ ತನ್ನ ಬುಟ್ಟಿಗೆ ಏನಾದರೂ ಹಾಕಿದರೆ, ಒಂದು ಯಂತ್ರ ಕೆಟ್ಟಿದೆ ಎಂಬ ಕಾರಣಕ್ಕೆ ಅದನ್ನು ಬೇಡವೆನ್ನಬಾರದು ಎಂಬುದು ಅವರ ಹಟ. ಅದಕ್ಕಾಗಿ ಪ್ರತಿ ಮಾಹಿತಿಯ ಹಲವು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ, ಅಂದರೆ ನೋಡ್‌ಗಳಲ್ಲಿ, ಇಟ್ಟರು. ಎಲ್ಲ ಪ್ರತಿಗಳೂ ಆ ಕ್ಷಣಕ್ಕೇ ಒಂದೇ ಆಗಿರಬೇಕೆಂಬ ಪಟ್ಟನ್ನು ಬಿಟ್ಟರು. ಆ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಅವಿನಾಶ್ ಲಕ್ಷ್ಮಣ್ ಮುಂದೆ ಫೇಸ್‌ಬುಕ್‌ನಲ್ಲಿ ಪ್ರಶಾಂತ್ ಮಲಿಕ್ ಅವರ ಜೊತೆ ಕಸ್ಸಾಂಡ್ರಾ ಕಟ್ಟಿದರು. ಇಂದು ಯಾರು ಬೇಕಾದರೂ ಇಳಿಸಿಕೊಂಡು ನಡೆಸಬಹುದಾದ ತಂತ್ರಾಂಶ ಅದು. ಹಾಗಾಗಿ ಇಲ್ಲಿನ ಉದಾಹರಣೆಗೆ ಅದನ್ನೇ ತೆಗೆದುಕೊಳ್ಳುತ್ತೇನೆ.

ಅ, ಬ, ಕ ಎಂಬ ಮೂರು ನೋಡ್‌ಗಳಿವೆ ಎನ್ನೋಣ. ಗ್ರಾಹಕರ ವಿಳಾಸದ ಒಂದೊಂದು ಪ್ರತಿ ಮೂರರಲ್ಲೂ ಇದೆ. ಬರೆಯುವಾಗಲೂ ಓದುವಾಗಲೂ ಮೂರರಲ್ಲಿ ಎರಡು ನೋಡ್‌ಗಳು ಉತ್ತರ ಕೊಟ್ಟರೆ ಸಾಕು; ಈ ಕಟ್ಟಳೆಯ ಹೆಸರು `QUORUM`. ಬೆಳಿಗ್ಗೆ 10 ಗಂಟೆಗೆ ಕ ನಿಂತುಹೋಯಿತು, ಸಂಜೆ 5ಕ್ಕೆ ಎದ್ದಿತು. ಡಿಸ್ಕ್ ಹಾಳಾಗಿಲ್ಲ, ಆದರೆ ಅದರಲ್ಲಿರುವುದು ಬೆಳಿಗ್ಗೆ 10ರವರೆಗಿನ ಲೋಕ. ನಡುವಿನ ಏಳು ಗಂಟೆಗಳಲ್ಲಿ ಸುಮಾ 11ಕ್ಕೆ, ರಹೀಮ 2ಕ್ಕೆ, ಗಿರಿಜಾ 3ಕ್ಕೆ ವಿಳಾಸ ಬದಲಿಸಿದರು. ಪೀಟರ್ ಮೂರೂವರೆಗೆ ತನ್ನ ವಿಳಾಸವನ್ನು ಅಳಿಸಿಯೇಬಿಟ್ಟ. ನಾಲ್ಕೂ ಕೆಲಸ ಅ ಮತ್ತು ಬ ನೋಡ್‌ಗಳಲ್ಲಿ ಸರಿಯಾಗಿ ನಡೆದವು. ಆದರೆ ಕ ನೋಡ್ ಈ ನಾಲ್ಕನ್ನೂ ಒಂದೇ ದಾರಿಯಲ್ಲಿ ತಿಳಿದುಕೊಳ್ಳುವುದಿಲ್ಲ.

ಸುಮಾಳದು ಸುಲಭದ ಪ್ರಸಂಗ. ಅವಳ ಕೋರಿಕೆಯನ್ನು ಸ್ವೀಕರಿಸಿ ಉಳಿದವರಿಗೆ ಹಂಚುವ ಹೊಣೆ ಹೊತ್ತ ನೋಡ್‌ಗೆ ಕೋಆರ್ಡಿನೇಟರ್ ಎನ್ನುತ್ತಾರೆ. ಕ ಬಿದ್ದಿರುವುದು ಅದಕ್ಕೆ ಗೊತ್ತು. ಮನೆಗೆ ಬೀಗ ಹಾಕಿರುವಾಗ ಬಂದ ಕೊರಿಯರನ್ನು ಪಕ್ಕದ ಮನೆಯವರು ಇಸಕೊಂಡು ಇಡುವಂತೆ, ಕ ನೋಡ್‌ಗೆ ಹೋಗಬೇಕಿದ್ದ ಬರಹವನ್ನು ಅದು ತನ್ನ ಡಿಸ್ಕಿನಲ್ಲಿ `hints` ಎಂಬ ಕೋಶದೊಳಗೆ ಬರೆದಿಡುತ್ತದೆ. ಸಂಜೆ ಕ ಎದ್ದ ಸುದ್ದಿ ನೋಡ್‌ಗಳ ನಡುವೆ ಹರಡಿದ ಮೇಲೆ ಆ ಬರಹವನ್ನು ಕಳಿಸಿಕೊಡುತ್ತದೆ. ಇದೇ ಹಿಂಟೆಡ್ ಹ್ಯಾಂಡಾಫ್. ತಡವಾಗಿ ಬಂದದ್ದು ಹೊಸದನ್ನು ತುಳಿಯುವ ಭಯವೂ ಇಲ್ಲ: ಪ್ರತಿ ಬರಹಕ್ಕೂ ಸಮಯದ ಮುದ್ರೆ ಇರುತ್ತದೆ, ಕಸ್ಸಾಂಡ್ರಾದಲ್ಲಿ ಆ ಮುದ್ರೆ ಹೊಸದಾಗಿರುವ ಬರಹವೇ ಗೆಲ್ಲುತ್ತದೆ.

ಇಲ್ಲಿ ಮೂಲ ಡೈನಮೊಗೂ ಕಸ್ಸಾಂಡ್ರಾಗೂ ಒಂದು ಮುಖ್ಯ ವ್ಯತ್ಯಾಸವಿದೆ. ಡೈನಮೊದಲ್ಲಿ ಕ ನೋಡ್‌ನ ಬದಲಿಗೆ ಹೊರಗಿನ ಇನ್ನೊಂದು ನೋಡ್ ಇಟ್ಟುಕೊಂಡ ಪ್ರತಿಯನ್ನೂ ಲೆಕ್ಕಕ್ಕೆ ಹಿಡಿದು, ಬರಹ ಯಶಸ್ವಿ ಎಂದು ಹೇಳಬಹುದಿತ್ತು. ಕಸ್ಸಾಂಡ್ರಾದ `QUORUM` ಬರಹದಲ್ಲಿ ಹಾಗಿಲ್ಲ. ಅ ಮತ್ತು ಬ ಎರಡೂ ಒಪ್ಪಿದ್ದರಿಂದಲೇ ಸುಮಾಳ ವಿಳಾಸ ಉಳಿಯಿತು, ಬರೆದಿಟ್ಟ ಹಿಂಟ್ ಕ ನೋಡ್‌ಗೆ ಬೇಗ ವಿಷಯ ಮುಟ್ಟಿಸುವ ಅನುಕೂಲ ಅಷ್ಟೇ. ಇದನ್ನು ಭದ್ರತೆಯ ಖಾತರಿ ಎಂದು ನಂಬುವವರಿದ್ದಾರೆ, ಆ ನಂಬಿಕೆ ಅಪಾಯಕಾರಿ. ಹಿಂಟ್‌ಗಳು ಒಂದೇ ಯಂತ್ರದ ಡಿಸ್ಕಿನಲ್ಲಿರುತ್ತವೆ. ಆ ಯಂತ್ರವೇ ಸುಟ್ಟುಹೋದರೆ ಅವೂ ಹೋದವು.

ಇನ್ನೊಂದು ಮಿತಿ ಕಾಲದ್ದು. ನೋಡ್ ಒಂದು ವಾರವೆಲ್ಲ ಬಿದ್ದಿದ್ದರೆ ಹಿಂಟ್‌ಗಳು ರಾಶಿ ಬಿದ್ದು ಆರೋಗ್ಯವಾಗಿರುವ ನೋಡ್‌ಗಳ ಡಿಸ್ಕನ್ನೇ ತುಂಬಿಬಿಡುತ್ತವೆ. ಅದಕ್ಕೇ `max_hint_window` ಎಂಬ ಗಡುವು ಇದೆ, ಮಾಮೂಲಿಯಾಗಿ 3 ಗಂಟೆ. ನಮ್ಮ ಕತೆಯಲ್ಲಿ ಮಧ್ಯಾಹ್ನ 1 ಗಂಟೆಯಾದ ಮೇಲೆ ಕ ನೋಡ್‌ಗಾಗಿ ಹೊಸ ಹಿಂಟ್ ಬರೆಯುವುದನ್ನು ಎಲ್ಲರೂ ನಿಲ್ಲಿಸಿದರು. ರಹೀಮ, ಗಿರಿಜಾ, ಪೀಟರ್ ಮೂವರದೂ ಆಮೇಲಿನ ಬರಹಗಳು. ಸಂಜೆ ಎದ್ದ ಕ ಆರೋಗ್ಯವಾಗಿಯೇ ಕಾಣುತ್ತದೆ, ಲಾಗ್‌ನಲ್ಲಿ ಹಿಂಟ್ ರವಾನೆ ಮುಗಿದ ಸಾಲುಗಳೂ ಇರುತ್ತವೆ. ಮೂರು ದಾಖಲೆಗಳು ಮಾತ್ರ ಸದ್ದಿಲ್ಲದೆ ಹಳೆಯವಾಗಿಯೇ ಉಳಿದಿರುತ್ತವೆ.

ಆ ರಾತ್ರಿ ರಹೀಮ ತನ್ನ ಖಾತೆ ತೆರೆದ ಎನ್ನಿ. ಕೋಆರ್ಡಿನೇಟರ್ ಅ ನೋಡ್‌ನಿಂದ ಪೂರ್ತಿ ದಾಖಲೆಯನ್ನು, ಕ ನೋಡ್‌ನಿಂದ ಆ ದಾಖಲೆಯ ಚಿಕ್ಕ ಬೆರಳಚ್ಚನ್ನು ಮಾತ್ರ ಕೇಳುತ್ತದೆ. ಬೆರಳಚ್ಚು ತಾಳೆಯಾಗುವುದಿಲ್ಲ. ಆಗ ಇಬ್ಬರಿಂದಲೂ ಪೂರ್ತಿ ದಾಖಲೆ ತರಿಸಿ, ಸಮಯದ ಮುದ್ರೆ ನೋಡಿ, ಹೊಸ ವಿಳಾಸವನ್ನು ಕ ನೋಡ್‌ಗೆ ಬರೆಯುತ್ತದೆ. ಕ ಅದನ್ನು ಒಪ್ಪಿಕೊಂಡ ಮೇಲಷ್ಟೇ ರಹೀಮನಿಗೆ ಉತ್ತರ ಹೋಗುತ್ತದೆ. ಇದು ರೀಡ್ ರಿಪೇರ್.

ಉತ್ತರವನ್ನು ತಡೆದು ಕಾಯುವುದೇಕೆ? ಅರ್ಧಕ್ಕೇ ನಿಂತ ಬರಹವೊಂದು ಅ ನೋಡ್‌ಗೆ ಮಾತ್ರ ತಲುಪಿದ್ದರೆ, ಅ ಮತ್ತು ಕ ಕೇಳಿದವನಿಗೆ ಹೊಸದು ಸಿಕ್ಕು, ಮರುಕ್ಷಣ ಬ ಮತ್ತು ಕ ಕೇಳಿದಾಗ ಹಳೆಯದು ಸಿಗಬಹುದು. ಒಮ್ಮೆ ಕಂಡದ್ದು ಮತ್ತೆ ಮಾಯವಾಗುವುದನ್ನು ಈ ಕಾಯುವಿಕೆ ತಪ್ಪಿಸುತ್ತದೆ.

ಆದರೆ ರೀಡ್ ರಿಪೇರ್ ನೋಡುವುದು ಕೇಳಿದ ದಾಖಲೆಯನ್ನು ಮಾತ್ರ, ಅದೂ ಉತ್ತರಿಸಿದ ನೋಡ್‌ಗಳ ನಡುವೆ ಮಾತ್ರ. ರಹೀಮನ ಓದಿಗೆ ಅ ಮತ್ತು ಬ ಉತ್ತರಿಸಿದ್ದರೆ ಎರಡೂ ಒಂದೇ ಎಂದು ಕೆಲಸ ಮುಗಿಯುತ್ತಿತ್ತು, ಕ ಹಾಗೆಯೇ ಹಳತಾಗಿ ಉಳಿಯುತ್ತಿತ್ತು. ಒಂದೇ ನೋಡ್ ಸಾಕೆನ್ನುವ `ONE` ಮಟ್ಟದಲ್ಲಿ ಓದುವ ತಂಡಗಳಿಗಂತೂ ಇದರಿಂದ ಉಪಯೋಗವೇ ಇಲ್ಲ. ಹೋಲಿಸಲು ಎರಡನೆಯ ಉತ್ತರ ಬೇಕಲ್ಲ! ಅವರಿಗೆ ಕ ನೇರವಾಗಿ ಹಳೆಯ ವಿಳಾಸವನ್ನೇ ಕೊಡುತ್ತದೆ.

ಗಿರಿಜಾ ತಿಂಗಳುಗಟ್ಟಲೆ ಖಾತೆ ತೆರೆಯುವುದಿಲ್ಲ. ಅವಳ ದಾಖಲೆಯನ್ನು ಹಿಂಟೂ ಮುಟ್ಟಲಿಲ್ಲ, ಓದೂ ಮುಟ್ಟಲಿಲ್ಲ. ಈ ನಡುವೆ ಅ ನೋಡ್‌ನ ಡಿಸ್ಕ್ ಸತ್ತು, ಅದರ ಜಾಗಕ್ಕೆ ಬಂದ ಹೊಸ ಯಂತ್ರ ತನ್ನ ಪಾಲಿನ ದತ್ತಾಂಶವನ್ನು ಕ ನೋಡ್‌ನಿಂದ ನಕಲು ಮಾಡಿಕೊಂಡಿತು ಎಂದುಕೊಳ್ಳಿ. ಈಗ ಮೂರರಲ್ಲಿ ಎರಡು ಪ್ರತಿಗಳು ಹಳೆಯವು. ಆ ಎರಡರಿಂದ ಓದಿದ `QUORUM` ಕೂಡ ಹಳೆಯ ವಿಳಾಸವನ್ನು ಪೂರ್ಣ ಭರವಸೆಯಿಂದ ಹೇಳುತ್ತದೆ. ಗ್ರಾಹಕಿಗೆ "ಬದಲಾಯಿತು" ಎಂದು ಕೊಟ್ಟ ಮಾತು ಮುರಿದಂತಾಯಿತು, ಎಲ್ಲೂ ಒಂದು ದೋಷದ ಸಂದೇಶ ಕೂಡ ಬರುವುದಿಲ್ಲ.

ಪೀಟರ್‌ನದು ಇನ್ನೂ ಕಳವಳದ ವಿಷಯ. ಕಸ್ಸಾಂಡ್ರಾದಲ್ಲಿ ಅಳಿಸುವುದೂ ಒಂದು ಬರಹವೇ: "ಇದು ಅಳಿಸಿದೆ" ಎಂಬ ಗುರುತನ್ನು ಬರೆಯಲಾಗುತ್ತದೆ, ಅದರ ಹೆಸರು ಟೂಂಬ್‌ಸ್ಟೋನ್. ಅದು ಅ ಮತ್ತು ಬ ನೋಡ್‌ಗಳಲ್ಲಿದೆ, ಕ ನೋಡ್‌ನಲ್ಲಿ ಹಳೆಯ ವಿಳಾಸವೇ ಇದೆ. ಈ ಗುರುತುಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. `gc_grace_seconds` ಎಂಬ ಅವಧಿ, ಮಾಮೂಲಿಯಾಗಿ 864000 ಸೆಕೆಂಡು ಅಂದರೆ 10 ದಿನ, ಕಳೆದ ಮೇಲೆ ಡಿಸ್ಕ್ ಶುಚಿಗೊಳಿಸುವಾಗ ಅವನ್ನು ತೆಗೆದುಹಾಕಬಹುದು. ಅದಾದ ಮೇಲೆ ಯಾರೋ ಬ ಮತ್ತು ಕ ಕೇಳಿದರು. ಬ ನೋಡ್‌ನಲ್ಲಿ ಏನೂ ಇಲ್ಲ, ಕ ನೋಡ್‌ನಲ್ಲಿ ವಿಳಾಸವಿದೆ. ಇದ್ದದ್ದು ಇಲ್ಲದ್ದನ್ನು ಗೆಲ್ಲುತ್ತದೆ. ರೀಡ್ ರಿಪೇರ್ ನಿಷ್ಠೆಯಿಂದ ಆ ಅಳಿಸಿದ ವಿಳಾಸವನ್ನು ಬ ನೋಡ್‌ಗೂ ಬರೆದುಬಿಡುತ್ತದೆ. ತಿದ್ದಲೆಂದು ಇಟ್ಟ ಉಪಾಯವೇ ಸತ್ತ ದಾಖಲೆಯನ್ನು ಎಬ್ಬಿಸಿ ಹರಡುತ್ತದೆ.

ಗಿರಿಜಾ ಮತ್ತು ಪೀಟರ್ ಇಬ್ಬರನ್ನೂ ಕಾಯುವುದು ಮೂರನೆಯ ಕೆಲಸ. ಅದನ್ನು ಮನುಷ್ಯರೇ ಹಚ್ಚಬೇಕು, ಇಲ್ಲವೇ ವೇಳಾಪಟ್ಟಿ ಹಾಕಿ ನಡೆಸಬೇಕು:

```
nodetool repair --full
```

ಇದು ಪ್ರತಿಗಳ ದತ್ತಾಂಶವನ್ನೆಲ್ಲ ಮರ್ಕಲ್ ಟ್ರೀ ಎಂಬ ಬೆರಳಚ್ಚುಗಳ ಮರವಾಗಿ ಮಾಡಿ, ಮರಗಳನ್ನು ಹೋಲಿಸಿ, ವ್ಯತ್ಯಾಸ ಕಂಡ ಭಾಗಗಳನ್ನು ಮಾತ್ರ ಕಳಿಸುತ್ತದೆ. ಯಾರೂ ಓದದ ದಾಖಲೆಯೂ ಇದರ ಕಣ್ಣಿಗೆ ಬೀಳುತ್ತದೆ. ಡಿಸ್ಕಿಗೂ ನೆಟ್‌ವರ್ಕಿಗೂ ಭಾರವಾದ್ದರಿಂದ ಮುಂದೂಡುವ ಆಸೆ ಎಲ್ಲರಿಗೂ ಇರುತ್ತದೆ. ಮೇಲಿನ ಎರಡು ಪ್ರಸಂಗಗಳನ್ನು ಕಂಡವರು ಮುಂದೂಡಲಾರರು.

ನೋಡ್ ಮರಳಿದ ದಿನ `nodetool netstats` ನೋಡಿ. ಅದರ ರೀಡ್ ರಿಪೇರ್ ಅಂಕಿಗಳಲ್ಲಿ `Mismatch` ಏರುತ್ತಲೇ ಇದ್ದರೆ, ಹಿಂಟ್‌ಗಳು ತಲುಪಿಸದ ಬರಹಗಳು ಒಂದೊಂದಾಗಿ ಓದುಗರ ಕೈಗೆ ಸಿಗುತ್ತಿವೆ ಎಂದು ಅನುಮಾನಿಸಬೇಕು. ಅಂಕಿ ಏರದಿದ್ದರೂ ಸಮಾಧಾನಪಡುವಂತಿಲ್ಲ, ಗಿರಿಜಾಳಂಥವರು ಅದರಲ್ಲಿ ಕಾಣಿಸುವುದೇ ಇಲ್ಲ. ನೋಡ್ 3 ಗಂಟೆಗಿಂತ ಹೆಚ್ಚು ಬಿದ್ದಿದ್ದರೆ, ಅದು ಬಿದ್ದ ಹೊತ್ತಿನಿಂದ ಎಣಿಸಿ 10 ದಿನದ ಗಡುವಿನೊಳಗೆ ರಿಪೇರ್ ಮುಗಿಯಲೇಬೇಕು. 10 ದಿನಕ್ಕೂ ಮೀರಿ ಬಿದ್ದಿದ್ದ ನೋಡ್ ಅನ್ನು ಹಾಗೆಯೇ ಎಬ್ಬಿಸಬಾರದು: ಅದರ ಡಿಸ್ಕನ್ನು ಖಾಲಿ ಮಾಡಿ, ಹೊಸ ನೋಡ್‌ನಂತೆ ಸೇರಿಸಿಕೊಂಡು, ಉಳಿದವರಿಂದ ಎಲ್ಲವನ್ನೂ ಮೊದಲಿನಿಂದ ಪಡೆಯುವಂತೆ ಮಾಡಬೇಕು.