ಯಾರೂ ಕ್ಲಿಕ್ ಮಾಡದ ಮೇಲ್

ಕಚೇರಿಯಲ್ಲಿ ಯಾರದೋ ಲಾಗಿನ್ ಕಳವಾಗಿದೆ ಎಂದು ಗೊತ್ತಾದ ಕೂಡಲೇ ಮೇಲಿನವರು ಕೇಳುವ ಮೊದಲ ಪ್ರಶ್ನೆ, ‘ಆ ಲಿಂಕ್ ಒತ್ತಿದ್ದು ಯಾರು?’ ಐಟಿ ವಿಭಾಗ ಬರೆದುಕೊಡುವ ವರದಿಯೂ ಬಹುಪಾಲು ಅದಕ್ಕೇ ಉತ್ತರ ಹುಡುಕುತ್ತದೆ. ಒಬ್ಬರಿಗೆ ನೋಟಿಸ್, ಉಳಿದವರಿಗೆ ಅರ್ಧ ದಿನದ ತರಬೇತಿ, ಅಲ್ಲಿಗೆ ಫೈಲು ಮುಚ್ಚಿತು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ 2019ರ ಅಕ್ಟೋಬರ್‌ನಲ್ಲಿ ಹೊರತಂದ ವರದಿ ಆ ದಾರಿ ಹಿಡಿಯಲಿಲ್ಲ. ಹಿಡಿಯುವಂತೆಯೂ ಇರಲಿಲ್ಲ. ಅಲ್ಲಿ ಯಾರೂ ಏನನ್ನೂ ಒತ್ತಿರಲಿಲ್ಲ.

2018ರ ನವೆಂಬರ್ 9ರಂದು ವಿಶ್ವವಿದ್ಯಾಲಯದ ಒಬ್ಬ ಹಿರಿಯ ಸಿಬ್ಬಂದಿಯ ಅಂಚೆಪೆಟ್ಟಿಗೆಗೆ ಒಂದು ಮೇಲ್ ಬಂತು. ಅದನ್ನು ನೋಡಿದ್ದು ಅವರಲ್ಲ, ಅವರ ಮೇಲ್ ನೋಡಿಕೊಳ್ಳುವ ಅನುಮತಿಯಿದ್ದ ಸಹೋದ್ಯೋಗಿ. ನೋಡಿದ್ದೂ ಪ್ರಿವ್ಯೂನಲ್ಲಿ ಮಾತ್ರ. ಲಿಂಕ್ ಒತ್ತಲಿಲ್ಲ, ಅಟ್ಯಾಚ್‌ಮೆಂಟ್ ತೆರೆಯಲಿಲ್ಲ. ಅಷ್ಟಕ್ಕೇ ಮೇಲ್‌ನೊಳಗಿದ್ದ ಕೋಡ್ ಕೆಲಸ ಮಾಡಿ, ಆ ಹಿರಿಯರ ಲಾಗಿನ್ ವಿವರವನ್ನು ಹೊರಗಿನ ವಿಳಾಸಗಳಿಗೆ ಕಳಿಸಿಬಿಟ್ಟಿತು. ‘ಅಪರಿಚಿತ ಲಿಂಕ್ ಒತ್ತಬೇಡಿ’ ಎಂಬ ಪಾಠವನ್ನು ಅಕ್ಷರಶಃ ಪಾಲಿಸಿದವರ ಮೇಜಿನಿಂದಲೇ ಪಾಸ್‌ವರ್ಡ್ ಹೋಯಿತು.

ಕಳ್ಳರು ಮೊದಲು ಕೈಹಾಕಿದ ಜಾಗಗಳಲ್ಲಿ ಆ ಹಿರಿಯರ ಕ್ಯಾಲೆಂಡರ್ ಒಂದು. ಯಾವ ದಿನ ಯಾವ ಸಭೆ, ಯಾರ ಜೊತೆ ಎಂಬುದು ತಿಳಿದರೆ ಮುಂದಿನ ಮೋಸದ ಮೇಲ್ ನಂಬುವಂತಿರುತ್ತದೆ. ಮುಂದೆ ಅಂಥ ಮೇಲ್‌ಗಳು ಬಂದವು ಕೂಡ. ಅವನ್ನು ಕಳಿಸಲು ಸಿಕ್ಕಿದ್ದು ಗುರುತು ಕೇಳದೆ ಅಂಚೆ ಹೊರಡಿಸುತ್ತಿದ್ದ ವಿಶ್ವವಿದ್ಯಾಲಯದ್ದೇ ಹಳೆಯ ಮೇಲ್ ಸರ್ವರ್. ಇನ್ನೊಂದು ಹಳೆಯ ಸರ್ವರ್ ಸ್ವಲ್ಪ ದಿನದಲ್ಲೇ ಬಂದ್ ಆಗಬೇಕಿತ್ತು. ಪ್ರಯೋಗಕ್ಕೆಂದು ತಂದ ತಂತ್ರಾಂಶ ಅದರಲ್ಲಿ ಕೂತಿತ್ತು. ಕೆಲಸಕ್ಕೆ ಬಾರದ ಯಂತ್ರವಾದರೂ ಅದರಿಂದ ಜಾಲದ ಬಹುಭಾಗಕ್ಕೆ ದಾರಿಯಿತ್ತು. ಹೀಗೆ ಹೆಜ್ಜೆ ಹೆಜ್ಜೆಯಾಗಿ ಕಳ್ಳರು ಸಿಬ್ಬಂದಿ, ಹಣಕಾಸು ಮತ್ತು ವಿದ್ಯಾರ್ಥಿಗಳ ದಾಖಲೆಯಿದ್ದ ಕೋಣೆಗೆ ತಲುಪಿದರು. ಹೆಸರು, ಜನ್ಮದಿನಾಂಕ, ತೆರಿಗೆ ಸಂಖ್ಯೆ, ಬ್ಯಾಂಕ್ ಖಾತೆ, ಪಾಸ್‌ಪೋರ್ಟ್ ವಿವರ ಎಲ್ಲ ಅಲ್ಲಿದ್ದವು.

ಆಡಳಿತ ಮಂಡಳಿ ಓದಬೇಕಾದ ಭಾಗ ಇದು. ಒಂದು ಪಾಸ್‌ವರ್ಡ್ ಹೋಗುವುದು ಎಲ್ಲ ಸಂಸ್ಥೆಗಳಲ್ಲೂ ನಡೆಯುತ್ತದೆ. ಅದು ಅಷ್ಟು ದೂರ ಹೋಗಲು ಏಕೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ಬಜೆಟ್ಟಿನಲ್ಲಿ, ಮುಂದೂಡಿದ ಕೆಲಸಗಳ ಪಟ್ಟಿಯಲ್ಲಿ ಇರುತ್ತದೆ. ಹಳೆಯ ಸರ್ವರ್ ತೆಗೆಯುವುದನ್ನು ಮುಂದಕ್ಕೆ ಹಾಕುವ ಅಧಿಕಾರ ಮೇಲ್ ನೋಡುವ ಗುಮಾಸ್ತರಿಗೆ ಎಲ್ಲಿರುತ್ತದೆ?

ವರದಿಯ ಇನ್ನೊಂದು ಗುಣ ಅದರ ಲೆಕ್ಕದ ಪ್ರಾಮಾಣಿಕತೆ. 2019ರ ಜೂನ್ 4ರಂದು ಸುದ್ದಿ ಬಹಿರಂಗಪಡಿಸುವಾಗ ಕುಲಪತಿ ಬ್ರಯನ್ ಶ್ಮಿಟ್ (ಭೌತಶಾಸ್ತ್ರದ ನೊಬೆಲ್ ಪಡೆದವರು) 19 ವರ್ಷಗಳಷ್ಟು ಹಿಂದಿನ ಮಾಹಿತಿಗೂ ಕಳ್ಳರ ಕೈ ತಾಗಿದೆ ಎಂದಿದ್ದರು. ಸುಮಾರು ಎರಡು ಲಕ್ಷ ಜನರ ಅಂದಾಜು ಹಬ್ಬಿತು. ತನಿಖೆಯ ಬಳಿಕ ವರದಿ ಹೇಳಿದ್ದು ಬೇರೆ. ಅಷ್ಟೂ ವರ್ಷಗಳ ದಾಖಲೆ ಕೈಗೆ ಸಿಗುವಂತಿತ್ತು ನಿಜ, ಹೊರಗೆ ಹೋದದ್ದು ಅದಕ್ಕಿಂತ ಬಹಳ ಕಡಿಮೆ. ಎಷ್ಟು ಎಂದು ನಿಖರವಾಗಿ ಹೇಳಲಾಗದು, ಏಕೆಂದರೆ ಕಳ್ಳರು ಹೋಗುವಾಗ ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಒಳಬಂದರೆಂದು ಯಂತ್ರ ತಾನೇ ಬರೆದಿಡುವ ದಾಖಲೆಯನ್ನು, ಅಳಿಸಿಹಾಕಿದ್ದರು. ‘ಸಿಗುವಂತಿತ್ತು’, ‘ಹೋಯಿತು’, ‘ಗೊತ್ತಿಲ್ಲ’ ಎಂಬ ಮೂರನ್ನೂ ಬೇರೆ ಬೇರೆಯಾಗಿ ಬರೆಯುವ ಧೈರ್ಯ ಇಂಥ ವರದಿಗಳಲ್ಲಿ ಅಪರೂಪ. ಸಾಮಾನ್ಯವಾಗಿ ಕಾಣುವುದು ‘ಮಾಹಿತಿ ಸೋರಿಕೆಯಾದದ್ದಕ್ಕೆ ಪುರಾವೆ ಇಲ್ಲ’ ಎಂಬ ವಾಕ್ಯ. ಪುರಾವೆ ಇಡುವ ಲಾಗ್ ಉಳಿದಿತ್ತೇ ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕು. ನಮ್ಮ ದೇಶದಲ್ಲಿ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟುಕೊಂಡಿರಬೇಕು. ಇದನ್ನು ಕ್ಯಾನ್‌ಬೆರಾದ ತಾರೀಖುಗಳ ಮೇಲಿಟ್ಟು ನೋಡಿ. ಅಲ್ಲಿ ಮಾಹಿತಿ ಕಳವು ಪತ್ತೆಯಾದದ್ದು 2019ರ ಮೇ 17ರಂದು. ಆ ದಿನದಿಂದ 180 ದಿನ ಹಿಂದಕ್ಕೆ ಎಣಿಸಿದರೆ ಸಿಗುವುದು ನವೆಂಬರ್ 18. ಕಾನೂನಿನ ಕನಿಷ್ಠಕ್ಕೆ ತೃಪ್ತಿಪಟ್ಟ ಕಚೇರಿಯಲ್ಲಿ, ಕಳ್ಳರು ಏನೊಂದನ್ನೂ ಅಳಿಸದಿದ್ದರೂ, ನವೆಂಬರ್ 9ರ ಆ ಮೊದಲ ಮೇಲ್‌ನ ಜಾಡು ಒಂಬತ್ತು ದಿನಗಳ ಅಂತರದಲ್ಲಿ ತಪ್ಪಿಹೋಗಿರುತ್ತಿತ್ತು.