ಉಳಿದ ಅನ್ನ ಯಾರ ಪಾಲು?

ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ಹೆಂಡತಿಯ ರಕ್ತಪರೀಕ್ಷೆಯ ವರದಿ ಕೈಗೆ ಬಂದಿತು. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಸಕ್ಕರೆಯ ಪ್ರಮಾಣ 138. ಅದು 126ನ್ನು ಮುಟ್ಟಿದರೆ ಸಕ್ಕರೆ ಕಾಯಿಲೆಯೆಂದೇ ಎಣಿಸುವರು. ವೈದ್ಯರು ಆಕೆಯ ಊಟದ ಬಗ್ಗೆ ಒಂದೊಂದಾಗಿ ವಿಚಾರಿಸಿದರು. ರಾತ್ರಿ ಎಷ್ಟು ಅನ್ನವೆಂದಾಗ ಆಕೆ ಒಂದು ಸೌಟು ಎಂದಳು. ವೈದ್ಯರು ಅಷ್ಟಕ್ಕೇ ಬಿಡದೆ, "ಎಲ್ಲರ ಊಟವಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಏನು ಮಾಡುತ್ತೀರಿ, ಅಮ್ಮ?" ಎಂದು ಕೇಳಿದರು. ಆಕೆ ಉತ್ತರ ಕೊಡದೆ ನನ್ನ ಮುಖ ನೋಡಿದಳು. ಮೂವತ್ತು ವರ್ಷ ಜೊತೆಯಲ್ಲಿ ಸಂಸಾರ ಮಾಡಿದ ನನಗೆ ಆ ಪ್ರಶ್ನೆಯ ಉತ್ತರ ತಿಳಿದಿರಲಿಲ್ಲ.

ಅನ್ನವನ್ನು ಚೆಲ್ಲಬಾರದೆಂಬ ಪಾಠವನ್ನು ನಾವೆಲ್ಲರೂ ಊರಿನಿಂದಲೇ ಹೊತ್ತು ತಂದಿದ್ದೇವೆ. ಉಡುಪಿಯ ಬಳಿಯ ನಮ್ಮ ಮನೆಯಲ್ಲಿ ಎಲೆಯ ಮೇಲೆ ಒಂದು ಅಗುಳು ಬಿಟ್ಟರೂ ಅಜ್ಜಿ ಎದ್ದುಹೋಗಲು ಬಿಡುತ್ತಿರಲಿಲ್ಲ. ಆದರೆ ಅದೇ ಮನೆಯಲ್ಲಿ ಒಂದು ಹಟ್ಟಿಯೂ ಇತ್ತೆಂಬುದನ್ನು ನಾವು ಮರೆಯುತ್ತೇವೆ. ಪಾತ್ರೆಯಲ್ಲಿ ಮಿಕ್ಕ ಅನ್ನ ಅಕ್ಕಚ್ಚಿನೊಡನೆ ಸೇರಿ ದನದ ಹೊಟ್ಟೆಗೆ ಹೋಗುತ್ತಿತ್ತು. ಒಂದು ಪಾವು ಹೆಚ್ಚು ಬೇಯಿಸಿದರೂ ಅದು ವ್ಯರ್ಥವೆನಿಸುತ್ತಿರಲಿಲ್ಲ. ಮುಂಬಯಿಯ ಎರಡು ಕೋಣೆಗಳ ಮನೆಗೆ ನಾವು ಆ ಪಾವನ್ನೂ ಆ ಪಾಠವನ್ನೂ ತಂದೆವು. ಹಟ್ಟಿಯನ್ನು ತರಲು ಸಾಧ್ಯವಿರಲಿಲ್ಲ. ಹಾಗಾದರೆ ಹಟ್ಟಿಯ ಪಾಲು ಎಲ್ಲಿಗೆ ಹೋಗುತ್ತಿದೆ? ಇದನ್ನು ಅರಿಯಬೇಕೆಂದು ಅಡುಗೆ ಮನೆಯ ಸಣ್ಣ ತಕ್ಕಡಿಯನ್ನು ಹಿಡಿದು ಹದಿನಾಲ್ಕು ರಾತ್ರಿ ಲೆಕ್ಕ ಬರೆದೆ.

ನಾವು ಮನೆಯಲ್ಲಿ ನಾಲ್ವರು. ರಾತ್ರಿಗೆ ಎರಡು ಪಾವು ಅಕ್ಕಿ ಬೇಯುತ್ತಿತ್ತು. ನಮ್ಮ ಪಾವಿನಲ್ಲಿ 200 ಗ್ರಾಂ ಹಿಡಿಯುವುದರಿಂದ ಅದು 400 ಗ್ರಾಂ ಆಯಿತು. ಬೆಂದ ಮೇಲೆ ಸುಮಾರು 1,100 ಗ್ರಾಂ ಅನ್ನ. ಹದಿನಾಲ್ಕು ರಾತ್ರಿಗಳಲ್ಲಿ ಒಟ್ಟು ಮೂರೂವರೆ ಕಿಲೋ ಅನ್ನ ಉಳಿಯಿತು. ಅದರಲ್ಲಿ 900 ಗ್ರಾಂ ಮರುದಿನ ಚಿತ್ರಾನ್ನವಾಗಿ ಎಲ್ಲರ ತಟ್ಟೆ ಸೇರಿತು. 700 ಗ್ರಾಂ ಕಸದ ಡಬ್ಬಿಗೆ ಬಿದ್ದಿತು. ಮಿಕ್ಕ 1,900 ಗ್ರಾಮನ್ನು ನನ್ನ ಹೆಂಡತಿ ಪಾತ್ರೆ ತೊಳೆಯುವ ಮುನ್ನ ನಿಂತಲ್ಲಿಯೇ ಮಜ್ಜಿಗೆ ಕಲಸಿಕೊಂಡು ಮುಗಿಸಿದ್ದಳು. ದಿನಕ್ಕೆ ಸರಾಸರಿ 135 ಗ್ರಾಂ, ಎಂದರೆ ಸುಮಾರು 170 ಕ್ಯಾಲರಿ. ಇದು ಆಕೆ ವೈದ್ಯರಿಗೆ ಹೇಳಿದ ಒಂದು ಸೌಟಿಗೆ ಸೇರದ ಅನ್ನ. ಆಕೆ ಸುಳ್ಳು ಹೇಳಿರಲಿಲ್ಲ. ಅದು ಊಟವೆಂದು ಆಕೆಗೆ ಅನಿಸಿರಲೇ ಇಲ್ಲ. ಅನ್ನವನ್ನು ಚೆಲ್ಲದಿರುವ ಕೆಲಸವೆಂದಷ್ಟೇ ಅನಿಸಿತ್ತು.

ಸಕ್ಕರೆ ಕಾಯಿಲೆಗೆ ವಂಶ, ವಯಸ್ಸು, ನಡಿಗೆಯಿಲ್ಲದ ಜೀವನ ಮೊದಲಾದ ಹಲವು ಕಾರಣಗಳುಂಟು. ಉಳಿದ ಅನ್ನದಿಂದಲೇ ಅದು ಬಂದಿತೆಂದು ನಾನು ಹೇಳಲಾರೆ. ಆದರೆ ಒಂದು ಮಾತು ನಿಶ್ಚಯ. ದೇಹಕ್ಕೆ ಬೇಡದ ಅನ್ನವನ್ನು ಹೊಟ್ಟೆಗೆ ತುಂಬಿದರೆ ಅದು ಉಳಿತಾಯವಾಗುವುದಿಲ್ಲ. ಕಸದ ಡಬ್ಬಿಯಲ್ಲಿ ಹಾಳಾಗಬೇಕಿದ್ದುದು ಶರೀರದಲ್ಲಿ ಹಾಳಾಯಿತು, ಅಷ್ಟೇ. ಅನ್ನ ವ್ಯರ್ಥವಾಗುವುದು ತಟ್ಟೆ ತೊಳೆಯುವಾಗಲ್ಲ, ಅಕ್ಕಿ ಅಳೆಯುವಾಗ. ಆಮೇಲೆ ಉಳಿಯುವ ಪ್ರಶ್ನೆ, ಆ ನಷ್ಟವನ್ನು ಯಾರು ಹೊರಬೇಕು ಎಂಬುದೊಂದೇ.

ಅಳೆದವಳು ಆಕೆಯಾದ್ದರಿಂದ ತಪ್ಪು ಆಕೆಯದೆಂದು ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಲೆಕ್ಕದ ಪುಸ್ತಕ ಬೇರೆಯೇ ಹೇಳಿತು. ಆ ಹದಿನಾಲ್ಕು ರಾತ್ರಿಗಳಲ್ಲಿ ಐದು ಸಂಜೆ ನಾನು ದಾದರ್ ಸ್ಟೇಷನ್ನಿನ ಹೊರಗೆ ವಡಾಪಾವ್ ತಿಂದು, ಮನೆಗೆ ಬಂದು ಹಸಿವಿಲ್ಲವೆಂದಿದ್ದೆ. ಬೇರೆ ನಾಲ್ಕು ರಾತ್ರಿ ಮಗ ಗೆಳೆಯರೊಡನೆ ಹೊರಗೆ ಉಂಡು ಬಂದಿದ್ದ. ಉಳಿದ ಮೂರೂವರೆ ಕಿಲೋದಲ್ಲಿ ಮೂರು ಕಿಲೋ ಈ ಒಂಬತ್ತು ರಾತ್ರಿಗಳದ್ದೇ. ನಾವು ಮೊದಲೇ ಒಂದು ಮಾತು ತಿಳಿಸಿದ್ದರೆ ಆ ಅಕ್ಕಿ ಡಬ್ಬಿಯಲ್ಲೇ ಉಳಿಯುತ್ತಿತ್ತು. ತಿಳಿಸದೆ ಹೋದವರು ನಾವು, ಉಂಡು ತೀರಿಸಿದವಳು ಆಕೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾನು ಎರಡು ಬೇರೆ ಬೇರೆ ನೀತಿಗಳೆಂದು ತಿಳಿದಿದ್ದೆ. ಹೊತ್ತಿಗೆ ಸರಿಯಾಗಿ ಮಾತನಾಡದವನು ಇನ್ನೊಬ್ಬರ ಊಟವನ್ನೂ ಕೆಡಿಸಬಲ್ಲನೆಂಬುದು ಅಂದು ಹೊಳೆಯಿತು.

"ನಾಲ್ಕು ತುತ್ತು ಅನ್ನಕ್ಕೆ ಇಷ್ಟೊಂದು ವಿಚಾರವೇ? ಅದನ್ನು ಉಳಿಸಿದರೆ ಹಸಿದವನ ತಟ್ಟೆಗೆ ಹೋಗುವುದೇ?" ಎಂದು ಮಿತ್ರರೊಬ್ಬರು ಕೇಳಿದರು. ನೇರವಾಗಿ ಹೋಗದು, ನಿಜ. ಆದರೆ ಒಂದು ಕಿಲೋ ಅಕ್ಕಿ ಬೆಳೆಯಲು ಸರಾಸರಿ ಎರಡೂವರೆ ಸಾವಿರ ಲೀಟರ್ ನೀರು ಬೇಕೆಂಬ ಅಂದಾಜಿದೆ. ನಮ್ಮ ಉಳಿಕೆ ತಿಂಗಳಿಗೆ ಎರಡೂವರೆ ಕಿಲೋ ಅಕ್ಕಿಗಿಂತಲೂ ಹೆಚ್ಚಾಗುತ್ತಿತ್ತು. ಇದು ನಮ್ಮೊಂದು ಮನೆಯ ಮಾತಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸಿಪ್ಪೆ, ಮೂಳೆಗಳೂ ಸೇರಿದಂತೆ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರ ನೂರಕ್ಕೆ ಅರವತ್ತು ಪಾಲು ಹೋಟೆಲುಗಳದ್ದಲ್ಲ, ಅಂಗಡಿಗಳದ್ದಲ್ಲ, ಮನೆಗಳದ್ದು. ಗೃಹಿಣಿಯರು ಸದ್ದಿಲ್ಲದೆ ಉಂಡು ಮುಗಿಸುವ ಪಾಲು ಇಂಥ ಲೆಕ್ಕಗಳಲ್ಲಿ ಬರುವುದೇ ಇಲ್ಲ.

ನಾವು ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. ರಾತ್ರಿ ಉಣ್ಣದವರು ಸಂಜೆ ಆರರೊಳಗೆ ತಿಳಿಸಬೇಕು. ತಲೆಗೆ 75 ಗ್ರಾಮಿನಂತೆ ಅಕ್ಕಿ ಅಳೆಯುವುದು; ಅದು ಬೆಂದರೆ 200 ಗ್ರಾಮಿನಷ್ಟಾಗುತ್ತದೆ. ಇದಕ್ಕೆ ನನ್ನ ಹೆಂಡತಿ ಸುಲಭವಾಗಿ ಒಪ್ಪಲಿಲ್ಲ. "ಯಾರಾದರೂ ಬಂದಾಗ ಪಾತ್ರೆ ಬರಿದಾಗಿದ್ದರೆ ಹೇಗೆ?" ಎಂಬುದು ಆಕೆಯ ಅಳುಕು. ಹೆಚ್ಚು ಅಡುಗೆಯ ಹಿಂದೆ ಇರುವುದು ಬಹುಪಾಲು ಈ ಮರ್ಯಾದೆಯ ಭಯವೇ ಹೊರತು ಅಜಾಗ್ರತೆಯಲ್ಲ. ಅದಕ್ಕಾಗಿ ಅವಲಕ್ಕಿ, ಮೊಸರು ಸದಾ ಮನೆಯಲ್ಲಿರಬೇಕೆಂದು ಮಾಡಿದೆವು. ಮೊದಲ ತಿಂಗಳಲ್ಲಿ ಎರಡು ರಾತ್ರಿ ಅನ್ನ ಸಾಲಲಿಲ್ಲ. ಎರಡು ಬಾರಿಯೂ ನಾನೇ ಮೊಸರವಲಕ್ಕಿ ತಿಂದೆ.

ಎರಡನೆಯ ನಿಯಮ, ಯಾರಿಂದ ಉಳಿಯಿತೋ ಮರುದಿನ ಅದು ಅವರದೇ ಪಾಲು. ಹೊಸ ಅನ್ನದ ಬದಲಿಗೆ ಅದು, ಹೊಸ ಅನ್ನದ ಜೊತೆಗಲ್ಲ. ಇಲ್ಲೊಂದು ಎಚ್ಚರಿಕೆ ಅಗತ್ಯ. ಅಕ್ಕಿಯಲ್ಲಿರುವ ಒಂದು ಬಗೆಯ ರೋಗಾಣುವಿನ ಬೀಜಗಳು ಬೇಯಿಸಿದರೂ ಸಾಯುವುದಿಲ್ಲ. ಮುಂಬಯಿಯ ಸೆಕೆಯಲ್ಲಿ ಅನ್ನವನ್ನು ಗಂಟೆಗಟ್ಟಲೆ ಹೊರಗೆ ಇಟ್ಟರೆ ಅವು ಬೆಳೆದು ವಿಷವನ್ನು ಉಂಟುಮಾಡುತ್ತವೆ. ಒಗ್ಗರಣೆಯಲ್ಲಿ ಹುರಿದರೂ ಆ ವಿಷ ಅಳಿಯದು, ವಾಸನೆಯಿಂದಲೂ ಅದು ತಿಳಿಯದು. ಆದ್ದರಿಂದ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಆರಿದೊಡನೆ, ಒಂದು ಗಂಟೆಯೊಳಗೆ, ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ಮರುದಿನವೇ, ಒಮ್ಮೆ ಮಾತ್ರ ಚೆನ್ನಾಗಿ ಬಿಸಿಮಾಡಿ ಉಣ್ಣಬೇಕು. ರಾತ್ರಿಯಿಡೀ ಹೊರಗುಳಿದ ಅನ್ನವನ್ನು ಹಾಗೆಯೇ ಚಿತ್ರಾನ್ನ ಮಾಡುವುದಕ್ಕಿಂತ ಮರುಗುತ್ತ ಚೆಲ್ಲುವುದೇ ಲೇಸು.

ಮೂರು ತಿಂಗಳ ಬಳಿಕ ಮತ್ತೆ ಹದಿನಾಲ್ಕು ರಾತ್ರಿ ತೂಗಿದೆ. ಉಳಿದದ್ದು ಒಟ್ಟು 800 ಗ್ರಾಂ. ಬರಿ ಹೊಟ್ಟೆಯ ಸಕ್ಕರೆ 121ಕ್ಕೆ ಇಳಿದಿತ್ತು. ಔಷಧವೂ ಬೆಳಗಿನ ನಡಿಗೆಯೂ ಜೊತೆಗಿದ್ದುದರಿಂದ ಅದರ ಕೀರ್ತಿಯನ್ನು ನಮ್ಮ ನಿಯಮಕ್ಕೆ ಕೊಡಲಾರೆ. ಆದರೆ ಈಗ ರಾತ್ರಿ ಪಾತ್ರೆ ತೊಳೆಯುವ ಮೊದಲು ಅದರೊಳಗೆ ಇಣುಕಿ ನೋಡುವವನು ನಾನು. ದಾದರಿನಲ್ಲಿ ವಡೆಯ ವಾಸನೆ ಬಂದ ಸಂಜೆ ಮೊದಲು ಮನೆಗೆ ಫೋನು ಮಾಡುತ್ತೇನೆ. "ನನ್ನ ಪಾಲಿನದು ಅಳೆಯಬೇಡ" ಎಂದರೆ, ಆ ಕಡೆಯಿಂದ ಅಕ್ಕಿ ಮರಳಿ ಡಬ್ಬಿಗೆ ಬೀಳುವ ಸದ್ದು ಕೇಳಿಸುತ್ತದೆ.