ಹಲಗೆಯ ಮೇಲಿನ ಹದಿನೆಂಟು ಕಾರ್ಡು

ಸ್ಟಾರ್ಟ್‌ಅಪ್ ಕಟ್ಟಲು ಹೊರಟವರು ಎಕ್ಸ್ ತೆರೆದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಟೂಲ್‌ಗಳನ್ನು ಹೊಗಳುವ ಉದ್ದುದ್ದ ಥ್ರೆಡ್‌ಗಳು ಎದುರಾಗುತ್ತವೆ. ಒಂದು ಪೋಸ್ಟಿನಲ್ಲಿ ಸಿದ್ಧ ಟೆಂಪ್ಲೇಟು, ಮುಂದಿನದರಲ್ಲಿ ಆಟೊಮೇಷನ್, ಆಮೇಲೆ ಡ್ಯಾಶ್‌ಬೋರ್ಡ್, ಕೊನೆಗೆ ಉಚಿತ ಟ್ರಯಲ್‌ನ ಲಿಂಕ್. ಇಂಥ ಟೂಲ್ ಬೇಕೇ ಎಂದು ಕೇಳಿದರೆ, ಬೇಕು ಎಂದೇ ನಾನು ಹೇಳುತ್ತೇನೆ. ಆದರೆ ನಾಲ್ಕು ಜನರ ತಂಡಕ್ಕೆ ಅದರಿಂದ ಸಿಗಬೇಕಾದ ಮುಖ್ಯ ಲಾಭ ಒಂದೇ: ಏಕಕಾಲಕ್ಕೆ ಎಷ್ಟು ಕೆಲಸ ಕೈಯಲ್ಲಿ ಹಿಡಿದುಕೊಳ್ಳಬಹುದು ಎಂಬುದಕ್ಕೆ ಒಂದು ಮಿತಿ. ಆ ಮಿತಿ ಇಲ್ಲದ ಟೂಲ್ ಎಷ್ಟು ಚೆಂದವಿದ್ದರೂ ಕೆಲಸದ ರಾಶಿಯನ್ನು ಅಚ್ಚುಕಟ್ಟಾಗಿ ಜೋಡಿಸಿ ತೋರಿಸುತ್ತದೆ, ಅಷ್ಟೇ.

ಈ ಮಿತಿಯ ಯೋಚನೆ ಬಂದದ್ದು ಕಾರು ಕಾರ್ಖಾನೆಯಿಂದ. ಟೊಯೋಟಾದಲ್ಲಿ ತೈಚಿ ಓನೊ ರೂಪಿಸಿದ ಪದ್ಧತಿಯಲ್ಲಿ, ಮುಂದಿನ ಹಂತದವರು ಭಾಗಗಳನ್ನು ಬಳಸಿ ಚೀಟಿ ಹಿಂದಕ್ಕೆ ಕಳುಹಿಸಿದ ಮೇಲಷ್ಟೇ ಹಿಂದಿನ ಹಂತದವರು ಹೊಸ ಭಾಗ ತಯಾರಿಸುತ್ತಿದ್ದರು. ಆ ಚೀಟಿಯೇ ಕಾನ್‌ಬಾನ್. ಇಂದು ಟ್ರೆಲ್ಲೊ, ಜಿರಾ ಮುಂತಾದವುಗಳಲ್ಲಿ ಕಾಣುವ ‘ಮಾಡಬೇಕು, ನಡೆಯುತ್ತಿದೆ, ಮುಗಿದಿದೆ’ ಎಂಬ ಕಾಲಮ್ಮುಗಳ ಹಲಗೆಗೂ ಅದೇ ಹೆಸರು ಬಂದಿದೆ. ಹಲಗೆ ಎಲ್ಲ ಕಡೆ ಬಂತು, ಚೀಟಿಯ ಶಿಸ್ತು ಮಾತ್ರ ಬಹಳ ಕಡೆ ಹಿಂದೆಯೇ ಉಳಿಯಿತು.

ಶಿಸ್ತು ಯಾಕೆ ಬೇಕೆಂಬುದಕ್ಕೆ ಲೆಕ್ಕವಿದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಒಂದು ಕೆಲಸ ಮುಗಿಯಲು ಹಿಡಿಯುವ ಸರಾಸರಿ ಸಮಯವೆಂದರೆ ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಕೆಲಸಗಳ ಸಂಖ್ಯೆಯಿಂದ ಭಾಗಿಸಿದಷ್ಟು ವಾರ. ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವ ನಾಲ್ವರ ತಂಡವೊಂದನ್ನು ಊಹಿಸಿಕೊಳ್ಳಿ. ವಾರಕ್ಕೆ ಅವರು 3 ಕೆಲಸ ಮುಗಿಸುತ್ತಾರೆ. ‘ನಡೆಯುತ್ತಿದೆ’ ಕಾಲಮ್ಮಿನಲ್ಲಿ 18 ಕಾರ್ಡುಗಳಿವೆ. ಅಂದರೆ ಇವತ್ತು ಅಂಗಡಿಯವನೊಬ್ಬ ಕೇಳಿದ ಸಣ್ಣ ತಿದ್ದುಪಡಿಯನ್ನು ಕೈಗೆತ್ತಿಕೊಂಡರೆ ಅವನ ಕೈ ಸೇರಲು ಸರಾಸರಿ 6 ವಾರ ಬೇಕು. ಯಾರೂ ಹೆಚ್ಚು ಹೊತ್ತು ದುಡಿಯದೆ, ಅದೇ ವೇಗದಲ್ಲಿ ಕಾರ್ಡುಗಳನ್ನು 6ಕ್ಕೆ ಇಳಿಸಿದರೆ 2 ವಾರ ಸಾಕು. ಉಳಿದ 12 ಕೆಲಸಗಳು ‘ಮಾಡಬೇಕು’ ಕಾಲಮ್ಮಿಗೆ ಹಿಂತಿರುಗುತ್ತವೆ. ಅಲ್ಲಿ ಅವು ಕಾಯುವುದು ನಿಜ. ಆದರೆ ಅವುಗಳ ಮೇಲೆ ಇನ್ನಷ್ಟು ಶ್ರಮ ಸುರಿಯುವುದು ನಿಲ್ಲುತ್ತದೆ. ಗ್ರಾಹಕರ ಮಾತು ಕೇಳಿ ಅವುಗಳ ಸರದಿ ಬದಲಿಸಬಹುದು, ಬೇಡವೆನಿಸಿದ್ದನ್ನು ಹರಿದು ಹಾಕಬಹುದು. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಇನ್ನೂ ತಿಳಿಯದ ಸಂಸ್ಥೆಗೆ ಈ ಅನುಕೂಲ ಬಹಳ ದೊಡ್ಡದು.

ಮಿತಿ ಹಾಕಿದರೆ ಕೆಲವರು ಸುಮ್ಮನೆ ಕೂರಬೇಕಾಗುತ್ತದಲ್ಲ ಎಂಬ ಆಕ್ಷೇಪ ಬರುತ್ತದೆ. ಬರಲೇಬೇಕಾದ ಆಕ್ಷೇಪ ಅದು. ಕೋಡ್ ಬರೆಯುವವರು ತಮ್ಮ ಪಾಲಿನದು ಮುಗಿಸಿ ಹೊಸದನ್ನು ಎತ್ತಿಕೊಳ್ಳಲು ಹೋದಾಗ ಮಿತಿ ತಡೆಯುತ್ತದೆ. ಆಗ ಕಣ್ಣಿಗೆ ಬೀಳುವುದು ಪರೀಕ್ಷೆಗಾಗಿ ಕಾಯುತ್ತಿರುವ ನಾಲ್ಕು ಕಾರ್ಡುಗಳು. ಖಾಲಿ ಕೂರುವ ಬದಲು ಅವರು ಪರೀಕ್ಷೆಗೆ ಕೈ ಹಾಕುತ್ತಾರೆ. ಮಿತಿಯಿಲ್ಲದಿದ್ದರೆ ಅವರು ಐದನೆಯ ಕಾರ್ಡನ್ನೂ ಅದೇ ಸಾಲಿಗೆ ತಂದು ನಿಲ್ಲಿಸುತ್ತಿದ್ದರು.

ಒಂದೇ ಕೋಣೆಯಲ್ಲಿ ಕೂರುವ ನಾಲ್ವರಿಗೆ ವಾಟ್ಸ್ಆ್ಯಪ್ ಗುಂಪು ಸಾಲದೇ ಎನ್ನುವವರೂ ಇದ್ದಾರೆ. ಮಾತುಕತೆಗೆ ಸಾಕು. ಆದರೆ ನಿನ್ನೆಯ ಸಂದೇಶ ಇಂದಿನವುಗಳ ಕೆಳಗೆ ಹೂತುಹೋಗುತ್ತದೆ, ಯಾವ ಕೆಲಸ ಎಷ್ಟು ದಿನದಿಂದ ನಿಂತಿದೆ ಎಂಬುದು ಯಾರಿಗೂ ಕಾಣುವುದಿಲ್ಲ. ತಂಡ ಬೆಳೆದಂತೆ ಕಷ್ಟವೂ ಬೆಳೆಯುತ್ತದೆ. ಫ್ರೆಡ್ ಬ್ರೂಕ್ಸ್ 1975ರಲ್ಲೇ ತೋರಿಸಿಕೊಟ್ಟಂತೆ, ನಾಲ್ವರ ನಡುವೆ ಪರಸ್ಪರ ಮಾತಿನ ಜೋಡಿಗಳು 6, ಎಂಟು ಜನರಾದರೆ 28. ಇನ್ನು ಪಾವತಿಯೇ ಆಗುತ್ತಿಲ್ಲ ಎಂಬಂಥ ತುರ್ತು ಬಂದರೆ? ಮಿತಿಯ ಹೊರಗೆ ಒಂದೇ ಒಂದು ತುರ್ತು ಜಾಗ ಇಟ್ಟುಕೊಳ್ಳಬೇಕು. ಅದು ವಾರವಿಡೀ ತುಂಬಿಯೇ ಇದ್ದರೆ ತೊಂದರೆ ಹಲಗೆಯದಲ್ಲ, ಉತ್ಪನ್ನದ್ದು.

ಲಿಟಲ್ ನಿಯಮಕ್ಕೂ ಎಲ್ಲೆಯಿದೆ. ಅದು ಹೇಳುವುದು ಸರಾಸರಿಯನ್ನು; ಒಂದು ನಿರ್ದಿಷ್ಟ ಕಾರ್ಡು ಯಾವತ್ತು ಮುಗಿದೀತು ಎಂದು ಹೇಳದು. ಬರುವ ಕೆಲಸ ಹೋಗುವ ಕೆಲಸಕ್ಕಿಂತ ಸದಾ ಹೆಚ್ಚಿದ್ದರೆ ಲೆಕ್ಕವೇ ತಪ್ಪುತ್ತದೆ. ಟೂಲ್‌ಗೂ ಎಲ್ಲೆಯಿದೆ: ಜಿರಾದಲ್ಲಿ ಕಾಲಮ್ಮಿಗೆ ಮಿತಿ ಹಾಕಿದರೆ, ಮೀರಿದಾಗ ಅದು ಕೆಂಪಾಗುತ್ತದೆಯೇ ಹೊರತು ಹೊಸ ಕಾರ್ಡನ್ನು ತಡೆಯುವುದಿಲ್ಲ. ಆ ಕೆಂಪನ್ನು ಕಂಡೂ ಸ್ಥಾಪಕರೇ ಇನ್ನೊಂದು ಕಾರ್ಡು ತುರುಕಿದರೆ ಉಳಿದವರೂ ಅದನ್ನೇ ಕಲಿಯುತ್ತಾರೆ.

ಹಾಗಾಗಿ ಯಾವ ಥ್ರೆಡ್ಡಿನ ಲಿಂಕನ್ನು ಒತ್ತುವ ಮೊದಲೂ ಗೋಡೆಯ ಮೇಲೆ ಅಂಟುಚೀಟಿ ಹಚ್ಚಿ ಎರಡು ವಾರ ನೋಡಿ. ಪ್ರತಿ ಚೀಟಿಯ ಮೇಲೂ ಶುರುವಾದ ದಿನ, ಮುಗಿದ ದಿನ ಬರೆಯಿರಿ. ನಾಲ್ವರಿಗೆ ಆರು ಚೀಟಿಗಿಂತ ಹೆಚ್ಚು ಬೇಡ. ಬೆಳಿಗ್ಗೆ ಎಲ್ಲಕ್ಕಿಂತ ಹಳೆಯ ಚೀಟಿಯಿಂದಲೇ ಮಾತು ಶುರುಮಾಡಿ. ಆಮೇಲೆ ಟೂಲ್ ಆರಿಸುವಾಗ ಮೊದಲು ಕೇಳಬೇಕಾದದ್ದು ಇದು: ಕಾಲಮ್ಮಿಗೆ ಮಿತಿ ಹಾಕಲು ಬರುತ್ತದೆಯೇ, ಕಾರ್ಡಿನ ವಯಸ್ಸು ಕಾಣುತ್ತದೆಯೇ?